ಅರ್ಧ ದಿನವಲ್ಲ, ಎರಡೂವರೆ ಗಂಟೆ

ಕಾಯಿಲೆಯಿಂದ ಹಾಸಿಗೆ ಹಿಡಿದ ಕಾರ್ಮಿಕನಿಗೆ ರಜೆ ಕೊಡಬೇಕೆಂಬುದನ್ನು ಇಂದು ಯಾವ ಮಾಲೀಕನೂ ಬಹಿರಂಗವಾಗಿ ಅಲ್ಲಗಳೆಯುವುದಿಲ್ಲ. ತಕರಾರು ಹುಟ್ಟುವುದು ಅರ್ಧ ವಾಸಿಯಾಗಿ ಕೆಲಸಕ್ಕೆ ಮರಳಿದವರ ವಿಷಯದಲ್ಲಿ. ಅವರು ದುಡಿಯಬಲ್ಲರು, ಆದರೆ ಕೆಲವು ವಾರಗಳ ಕಾಲ, ಗೊತ್ತಾದ ದಿನಗಳಂದು, ಆಸ್ಪತ್ರೆಗೆ ಹೋಗಲೇಬೇಕು.

ನಮ್ಮ ಊರಿನ ಸಿದ್ಧ ಉಡುಪಿನ ಕಾರ್ಖಾನೆಯೊಂದರ ಹೊಲಿಗೆಯ ಹೆಣ್ಣುಮಗಳ ಪ್ರಕರಣವನ್ನೇ ತೆಗೆದುಕೊಳ್ಳೋಣ. ಮನೆಯಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರಕ್ಕೆ ಪಟ್ಟಿ ಬಿಚ್ಚಿದರು. ಮೂಳೆ ಕೂಡಿದೆ, ಕೈ ಮಾತ್ರ ಮರಗಟ್ಟಿದಂತಿದೆ. ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸಲಾಗದು. ಇಂಥ ಕೈಯನ್ನು ಹಾಗೆಯೇ ಬಿಟ್ಟರೆ ಬಿಗಿತ ಉಳಿದುಬಿಡಬಹುದು, ಬಟ್ಟೆ ತಿರುಗಿಸಿ ಹೊಲಿಯುವವಳ ಜೀವನೋಪಾಯಕ್ಕೇ ಸಂಚಕಾರ ಬರಬಹುದು. ವೈದ್ಯರು ಫಿಸಿಯೋಥೆರಪಿಗೆ ಬರೆದುಕೊಟ್ಟರು: ವಾರಕ್ಕೆ ಮೂರು ದಿನ, ಆರು ವಾರ. ಆ ವಿಭಾಗ ನಾಲ್ಕೂವರೆಗೆ ಮುಚ್ಚುತ್ತದೆ. ಕಾರ್ಖಾನೆ ಬಿಡುವುದು ಐದೂವರೆಗೆ. ಆಕೆ ಮೂರು ಗಂಟೆಗೆ ಹೊರಡಬೇಕು.

ಮೇಲ್ವಿಚಾರಕರು ಬಾಯಿಮಾತಿನಲ್ಲಿ ಒಪ್ಪಿದರು. ಆದರೆ ಪ್ರತಿ ಸಲವೂ ಅರ್ಧ ದಿನದ ಕೂಲಿ ಕಡಿದರು. ಲೆಕ್ಕ ನೋಡಿ. ಎಂಟು ಗಂಟೆಯ ದಿನಕ್ಕೆ 600 ರೂಪಾಯಿ ಎಂದರೆ ಗಂಟೆಗೆ 75. ಎರಡೂವರೆ ಗಂಟೆಯಂತೆ 18 ದಿನಕ್ಕೆ ತಪ್ಪುವುದು 45 ಗಂಟೆ, ಅಂದರೆ 3,375 ರೂಪಾಯಿ. ಅರ್ಧ ದಿನದ ಲೆಕ್ಕದಲ್ಲಿ ಹೋಗುವುದು 5,400. ನಡುವಿನ 2,025 ರೂಪಾಯಿ ಆಕೆ ಮಿಷನ್ನಿನ ಮುಂದೆ ಕೂತು ದುಡಿದ ಹಣ. ಗೈರುಹಾಜರಿಗೆ ಕಡಿಯುವ ಕೂಲಿ ಗೈರುಹಾಜರಾದ ಕಾಲದ ಪ್ರಮಾಣವನ್ನು ಮೀರಕೂಡದೆಂದು 1936ರ ವೇತನ ಪಾವತಿ ಕಾಯಿದೆ ಹೇಳಿತ್ತು. 2019ರ ವೇತನ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ.

ಇ.ಎಸ್.ಐ. ಇದೆಯಲ್ಲ, ಅಲ್ಲಿ ಪಡೆಯಲಿ ಎನ್ನುವವರಿದ್ದಾರೆ. ಅರ್ಹರಾದವರಿಗೆ ಕಾಯಿಲೆಯ ರಜೆಯಲ್ಲಿ ಕೂಲಿಯ ನೂರಕ್ಕೆ 70ರಷ್ಟು ಸಿಗುವುದು ನಿಜ. ಆದರೆ ಅದು ವೈದ್ಯರ ಪ್ರಮಾಣಪತ್ರದ ಮೇಲೆ ಪೂರ್ತಿ ಕೆಲಸ ಬಿಟ್ಟ ದಿನಗಳಿಗೆ ಮಾತ್ರ. ಮೂರು ಗಂಟೆಯವರೆಗೆ ದುಡಿದ ದಿನಕ್ಕೆ ಅಲ್ಲಿಂದ ಏನೂ ಬರದು. ಆದ್ದರಿಂದ ಈ ಎರಡೂವರೆ ಗಂಟೆಯ ವಿಚಾರ ಕಾರ್ಖಾನೆಯೊಳಗೇ ತೀರ್ಮಾನವಾಗಬೇಕು. ಬೇಗ ಹೊರಡುವ ಹಕ್ಕನ್ನು ಕಾನೂನು ನೇರವಾಗಿ ಬರೆದುಕೊಟ್ಟಿಲ್ಲವಾದ್ದರಿಂದ ಬರವಣಿಗೆಯ ಒಪ್ಪಿಗೆಯೇ ಕಾರ್ಮಿಕನ ರಕ್ಷೆ. ಬಾಯಿಮಾತನ್ನು ನಂಬಿ ಹೊರಟವರ ಮೇಲೆ, ಮೇಲ್ವಿಚಾರಕರು ಬದಲಾದ ಮರುದಿನವೇ, "ಪದೇಪದೇ ಅಪ್ಪಣೆಯಿಲ್ಲದೆ ಗೈರುಹಾಜರಿ" ಎಂಬ ಆಪಾದನೆ ಬೀಳಬಹುದು.

ಅರ್ಜಿ ಉದ್ದವಿರಬೇಕಿಲ್ಲ. ಆ ಹೆಣ್ಣುಮಗಳಿಗೆ ನಾವು ಬರೆದುಕೊಟ್ಟದ್ದು ಇಷ್ಟು: "ವೈದ್ಯರ ಸಲಹೆಯಂತೆ ನನ್ನ ಬಲಗೈ ಚಿಕಿತ್ಸೆಗಾಗಿ ಜೂನ್ 1ರಿಂದ ಜುಲೈ 10ರವರೆಗೆ ಸೋಮವಾರ, ಬುಧವಾರ, ಶುಕ್ರವಾರಗಳಂದು ಮಧ್ಯಾಹ್ನ 3ಕ್ಕೆ ಹೊರಡಲು ಅಪ್ಪಣೆ ಬೇಕು. ವೈದ್ಯರ ಚೀಟಿ ಲಗತ್ತಿಸಿದೆ. ಪ್ರತಿ ಭೇಟಿಯ ಆಸ್ಪತ್ರೆ ಚೀಟಿಯನ್ನು ಮರುದಿನ ತೋರಿಸುತ್ತೇನೆ. ತಪ್ಪಿದ ಗಂಟೆಗಳಿಗಷ್ಟೇ ಕೂಲಿ ಕಡಿಯಬೇಕು. ಅವಧಿ ಮುಂದುವರಿಯಬೇಕಾದರೆ ಹೊಸ ಚೀಟಿಯೊಡನೆ ಮತ್ತೆ ಕೇಳುತ್ತೇನೆ." ದಿನ, ಗಂಟೆ, ಮೊದಲು, ಕೊನೆ ನಾಲ್ಕೂ ಇರುವುದರಿಂದ ಮಾಲೀಕರಿಗೆ ಬದಲಿ ಏರ್ಪಾಡು ಮಾಡಲು ಸುಲಭ, ಕೊನೆಯ ತಾರೀಕು ಇರುವುದರಿಂದ ಇದು ಎಂದೆಂದಿಗೂ ನಡೆಯುವ ಬೇಡಿಕೆಯೆಂಬ ಅಂಜಿಕೆ ಇಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸಹಿ, ತಾರೀಕು ಹಾಕಿಸಿಕೊಳ್ಳಬೇಕು.

ಇನ್ನೊಂದು ಮಾತನ್ನು ಅರ್ಜಿಯ ಜತೆಗೇ ಇತ್ಯರ್ಥ ಮಾಡಿಕೊಳ್ಳಬೇಕು, ಅದು ಟಾರ್ಗೆಟ್ಟಿನದು. ಗಂಟೆಗೆ 60 ತುಂಡಿನಂತೆ ದಿನಕ್ಕೆ 480 ಹೊಲಿಯುವವರು ಐದೂವರೆ ಗಂಟೆಯಲ್ಲಿ ಹೊಲಿಯಬೇಕಾದ್ದು 330. ಇದು ಬರವಣಿಗೆಯಲ್ಲಿ ಇರದಿದ್ದರೆ ಮಿಕ್ಕ 150 ತುಂಡು ಪಕ್ಕದ ಮಿಷನ್ನಿನವಳ ತಲೆಗೆ ಬರುತ್ತದೆ. ಆಗ ಜಗಳ ಮಾಲೀಕರೊಡನೆ ಅಲ್ಲ, ಕಾರ್ಮಿಕರ ನಡುವೆಯೇ ಹತ್ತಿಕೊಳ್ಳುತ್ತದೆ. ಮಿಕ್ಕ ದಿನಗಳಲ್ಲಿ ಹೆಚ್ಚು ಹೊತ್ತು ದುಡಿದು ತೀರಿಸುತ್ತೇನೆಂದು ಮಾತು ಕೊಡುವುದೂ ಸಲ್ಲದು. ಚೇತರಿಸಿಕೊಳ್ಳುತ್ತಿರುವ ಕೈಗೆ ಅದು ಶಿಕ್ಷೆ. ಊತ ಇಳಿಯದೆ ಉರಿಯುವ ನೋವು ಹೆಚ್ಚಿ, ಚರ್ಮದ ಬಣ್ಣ ಬದಲಾದರೆ, ಮುಂದಿನ ಸರದಿಗೆ ಕಾಯದೆ ವೈದ್ಯರನ್ನು ಕಾಣಬೇಕು.

ಸಂಘದ ಪ್ರತಿನಿಧಿಗಳಲ್ಲಿ ನಮ್ಮ ಕೇಳಿಕೆ ಒಂದೇ. ಈ ಅರ್ಜಿಯನ್ನು ಒಬ್ಬೊಬ್ಬರ ಕೋರಿಕೆಯಾಗಿ ಬಿಡಬೇಡಿರಿ. ಗಂಟೆಯ ಲೆಕ್ಕದಲ್ಲೇ ಕೂಲಿ ಕಡಿತ, ಗಂಟೆಯ ಲೆಕ್ಕದಲ್ಲೇ ಟಾರ್ಗೆಟ್ಟು ಎಂಬ ಎರಡು ಸಾಲುಗಳನ್ನು ಮುಂದಿನ ಒಪ್ಪಂದದಲ್ಲಿ ಸೇರಿಸಿರಿ. ಆಗ ಮುಂದೆ ಕೈ ಮುರಿದುಕೊಂಡವರು ಯಾರ ಮುಂದೆಯೂ ಕೈ ಮುಗಿದು ನಿಲ್ಲಬೇಕಾಗಿಲ್ಲ.