"ಏನಾದ್ರೂ ಬೇಕಿದ್ರೆ ತಿಳಿಸಿ"

ಆಫೀಸಿನ ಸಂತಾಪದ ಮೇಲ್‌ಗಳಲ್ಲಿ ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸೋ ಸಾಲು ಇದು: "ಏನೇ ಸಹಾಯ ಬೇಕಿದ್ದರೂ ದಯವಿಟ್ಟು ತಿಳಿಸಿ." ಕೇಳೋಕೆ ಸಜ್ಜನಿಕೆಯ ಮಾತು. ಆದರೆ ನಿನ್ನೆ ತಾನೇ ಅಪ್ಪನನ್ನು ಮಣ್ಣು ಮಾಡಿ ಬಂದ ಮನುಷ್ಯ ಈಗ ತನಗೇನು ಬೇಕು ಅಂತ ಯೋಚಿಸಬೇಕು, ಅದನ್ನು ನಿಮ್ಮ ಹತ್ತಿರ ಕೇಳಬಹುದೋ ಇಲ್ಲವೋ ಅಂತ ಅಳೆಯಬೇಕು, ಆಮೇಲೆ ಕೂತು ಟೈಪ್ ಮಾಡಬೇಕು. ಯಾರೂ ಮಾಡಲ್ಲ. ಬರೆಯೋರಿಗೂ ಅದು ಗೊತ್ತು. ಗೊತ್ತಿದ್ದೇ ಬರೀತಾರೆ, ಯಾಕಂದ್ರೆ ಅದಕ್ಕೆ ಖರ್ಚಿಲ್ಲ.

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಸಾವಿನ ಮನೇಲಿ ಒಲೆ ಹಚ್ಚಲ್ಲ. ಅಕ್ಕಪಕ್ಕದವರು "ಊಟಕ್ಕೇನಾದ್ರೂ ಬೇಕಾ?" ಅಂತ ಕೇಳ್ಕೊಂಡು ಬರಲ್ಲ. ಅನ್ನ, ಸಾರು ಮಾಡಿ ಪಾತ್ರೆ ಸಮೇತ ತಂದಿಟ್ಟು ಹೋಗ್ತಾರೆ. ಮಾತಾಡಿಸ್ಕೊಂಡು ಹೋಗೋಕೆ ಬಂದೋರು "ನಮಸ್ಕಾರ, ಚೆನ್ನಾಗಿದ್ದೀರಾ" ಅನ್ನಲ್ಲ. ಜಗುಲಿ ಮೇಲೆ ಸುಮ್ನೆ ಕೂರ್ತಾರೆ, ಯಾವಾಗ ಆಗಿದ್ದು ಅಂತ ಕೇಳ್ತಾರೆ, ಹೋದವರ ಬಗ್ಗೆ ತಮಗೆ ಗೊತ್ತಿರೋ ಒಂದು ಮಾತು ಹೇಳ್ತಾರೆ. ಎದ್ದು ಹೊರಡುವಾಗ "ಹೋಗಿ ಬರ್ತೀನಿ" ಅಂತಲೂ ಅನ್ನಲ್ಲ, ಹಾಗೇ ಹೋಗ್ತಾರೆ. ಇದನ್ನು ನೋಡ್ಕೊಂಡೇ ಬೆಳೆದವರು ನಾವು. ಬೆಂಗಳೂರಿಗೆ ಬಂದು ಲ್ಯಾಪ್‌ಟಾಪ್ ತೆರೆದ ತಕ್ಷಣ "ಹಾರ್ಟ್‌ಫೆಲ್ಟ್ ಕಂಡೋಲೆನ್ಸಸ್" ಅಂತ ಶುರು ಮಾಡ್ತೀವಿ. ಅದೂ ದಿನಾ ಫೋನಿನಲ್ಲಿ ಕನ್ನಡದಲ್ಲೇ ಮಾತಾಡೋ ಮನುಷ್ಯನಿಗೆ!

ಒಂದು ಉದಾಹರಣೆ ಹೇಳ್ತೀನಿ. ನಾನು ಕೆಲಸ ಮಾಡೋದು ಲೆಕ್ಕಪತ್ರ ನೋಡೋ ಆಫೀಸಿನಲ್ಲಿ. ತರೀಕೆರೆಯ ಅಡಿಕೆ ಮಂಡಿಯೊಂದು ನಮ್ಮ ಕ್ಲೈಂಟ್. ಮಂಡಿ ಯಜಮಾನರ ತಂದೆ ಒಂದು ತಿಂಗಳ 11ನೇ ತಾರೀಕು ತೀರಿಕೊಂಡರು. ನಮ್ಮ ಟೀಮಿನ ಒಬ್ಬರು ಮೇಲ್ ಹಾಕಿದರು. ಮೊದಲ ಮೂರು ಸಾಲು ಇಂಗ್ಲಿಷ್ ಟೆಂಪ್ಲೇಟು. ನಾಲ್ಕನೇ ಸಾಲಿನಲ್ಲಿ, 20ಕ್ಕೆ ಜಿಎಸ್‌ಟಿಆರ್-3ಬಿ ಡ್ಯೂ ಇದೆ, ಖರೀದಿ ಬಿಲ್‌ಗಳನ್ನು ಬೇಗ ಕಳಿಸಿ ಅಂತ. ಕೊನೆಗೆ "ಲುಕಿಂಗ್ ಫಾರ್ವರ್ಡ್". ಸಾವಿನ ಮನೆಗೆ ಹೋಗಿ ಬಾಕಿ ವಸೂಲಿಗೆ ಕೂತಂಗೆ.

ಇದನ್ನು ಹೇಳಿದ್ರೆ ಬರೋ ಉತ್ತರ ಗೊತ್ತು: "ಹಾಗಂತ ಕೆಲಸ ಬಿಡೋಕಾಗುತ್ತಾ?" ಬಿಡೋಕಾಗಲ್ಲ, ಒಪ್ತೀನಿ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ. ದುಃಖದಲ್ಲಿದ್ದಾರೆ ಅಂತ ಸುಮ್ಮನಿದ್ದು, ಆಮೇಲೆ ದಂಡದ ಚೀಟಿ ಕಳಿಸೋದೂ ಸಹಾನುಭೂತಿ ಅಲ್ಲ. ನನ್ನ ತಕರಾರು ಇಷ್ಟೇ: ಕೆಲಸವನ್ನು ಅವರ ತಲೆಯಿಂದ ಇಳಿಸಿ ಬರೀಬೇಕು, ಏರಿಸಿ ಅಲ್ಲ. ಬಿಲ್‌ಗಳು ಇರೋದು ಮಂಡಿ ಗುಮಾಸ್ತರ ಹತ್ತಿರ, ಅವರನ್ನೇ ಕೇಳಬಹುದು. ಯಜಮಾನರಿಂದಲೇ ಬೇಕಾಗೋದು ಒಂದೇ ಒಂದು, ರಿಟರ್ನ್ಸ್ ಫೈಲ್ ಮಾಡುವಾಗ ಅವರ ಮೊಬೈಲಿಗೆ ಬರೋ ಓಟಿಪಿ. 11ಕ್ಕೆ ಸಾವಾದರೆ 20 ಅಂದ್ರೆ ಹತ್ತನೇ ದಿನ. ಆ ಮನುಷ್ಯ ಅವತ್ತು ಕೆರೆ ದಡದಲ್ಲಿ ಕ್ರಿಯೆಗೆ ಕೂತಿರಬಹುದು. ಹಾಗಾಗಿ ಎರಡು ದಿನ ಮುಂಚೆಯೇ ಫೈಲ್ ಮಾಡಬೇಕು, ಆ ಹೊತ್ತಿಗೆ ಫೋನ್ ಯಾರ ಕೈಲಿರುತ್ತೆ ಅಂತ ತಿಳ್ಕೊಂಡಿರಬೇಕು. ಇಷ್ಟು ಯೋಚನೆ ಮಾಡಿದ ಮೇಲೆ ಮೇಲ್ ತಾನಾಗೇ ಬರುತ್ತೆ:

"ತಂದೆಯವರು ತೀರಿಕೊಂಡ ವಿಷಯ ಬೆಳಗ್ಗೆ ತಿಳೀತು. ತುಂಬಾ ಬೇಜಾರಾಯ್ತು. ಹೋದ ವರ್ಷ ಮಂಡಿಗೆ ಬಂದಿದ್ದಾಗ ಅವರು ನಮ್ಮ ಲೆಕ್ಕವನ್ನು ಬಾಯಲ್ಲೇ ಇನ್ನೊಂದು ಸಲ ಕೂಡಿ, ಸರಿ ಇದೆ ಅಂದಿದ್ದು ನೆನಪಾಯ್ತು. ಈ ತಿಂಗಳ ರಿಟರ್ನ್ಸ್‌ಗೆ ಬೇಕಾದ್ದನ್ನು ಗುಮಾಸ್ತರ ಹತ್ತಿರ ತಗೋತೀನಿ. ಓಟಿಪಿ ಒಂದಕ್ಕೆ 18ಕ್ಕೆ ನಿಮ್ಮ ತಮ್ಮನಿಗೆ ಫೋನ್ ಮಾಡ್ತೀನಿ. ಉಳಿದದ್ದು ನೀವು ನೋಡೋದೇನಿಲ್ಲ. ಇದಕ್ಕೆ ಉತ್ತರ ಬರೆಯೋದೂ ಬೇಡ."

ಇದಕ್ಕಿಂತ ಉದ್ದ ಬೇಕಿಲ್ಲ. ಕೊನೇ ಸಾಲು ಒರಟು ಅನ್ನಿಸಬಹುದು, ಆದರೆ ಅದನ್ನು ಬಿಡಬೇಡಿ. ನಲವತ್ತು ಜನರಿಗೆ "ಥ್ಯಾಂಕ್ಯೂ" ಅಂತ ಬರೀತಾ ಕೂರೋ ಕೆಲಸವನ್ನು ಅದು ತಪ್ಪಿಸುತ್ತೆ. ನೆನಪಿನ ಸಾಲು ಮಾತ್ರ ನಿಜವಾಗಿ ಇದ್ದರೆ ಹಾಕಿ. ಹೋದವರನ್ನು ನೀವು ನೋಡೇ ಇಲ್ಲ ಅಂದ್ರೆ, "ನೀವು ಅವರ ಬಗ್ಗೆ ಹೇಳ್ತಿದ್ದಿರಿ" ಅನ್ನೋದು ಸಾಕು. ಅದೂ ಇಲ್ಲದಿದ್ರೆ ಆ ಸಾಲೇ ಬೇಡ. "ಮಹಾನ್ ಚೇತನ" ಅಂತ ಊಹೆ ಮಾಡಿ ಬರೆದಿದ್ದು ಓದಿದವರಿಗೆ ತಕ್ಷಣ ಗೊತ್ತಾಗುತ್ತೆ.

ಇನ್ನು "ಆತ್ಮಕ್ಕೆ ಶಾಂತಿ ಸಿಗಲಿ". ಇದು ಎಲ್ಲರ ಮನೆಗೂ ಹೊಂದೋ ಮಾತು ಅಂತ ಯಾರು ಹೇಳಿದ್ರು? ನಮ್ಮ ಕಡೆ ಲಿಂಗಾಯತರ ಮನೇಲಿ ಹೋದವರು ಲಿಂಗೈಕ್ಯರು, ಅವರಿಗೆ ಮಾಡೋದು ಶಿವಗಣಾರಾಧನೆ. ಇನ್ನೊಂದು ಬೀದೀಲಿ ವೈಕುಂಠ ಸಮಾರಾಧನೆ. ತರೀಕೆರೆಯ ಮುಸ್ಲಿಂ ಗೆಳೆಯನ ಮನೇಲಿ ಮಾತೇ ಬೇರೆ. ಸರ್‌ನೇಮ್ ನೋಡಿ ಊಹೆ ಮಾಡಿ "ಓಂ ಶಾಂತಿ" ಒತ್ತೋ ಬದಲು "ಬೇಜಾರಾಯ್ತು" ಅನ್ನಿ. ಬೇಜಾರಿಗೆ ಜಾತಿ ಇಲ್ಲ. ಹೋದವರು ಎಲ್ಲಿಗೆ ಹೋದ್ರು ಅನ್ನೋದು ಆ ಮನೆಯವರಿಗೆ ಬಿಟ್ಟಿದ್ದು.

ಇದು ಕ್ಲೈಂಟ್ ಮಾತಾಯ್ತು. ಸಹೋದ್ಯೋಗಿಯ ವಿಷಯದಲ್ಲಿ ಇನ್ನೊಂದು ಕಷ್ಟ ಇದೆ. ಸಾವಿಗೆ ರಜೆ ಕೊಡಲೇಬೇಕು ಅನ್ನೋ ಕಾನೂನು ಖಾಸಗಿ ಕಂಪನಿಗಳಿಗಿಲ್ಲ. ಮನಸ್ಸಿದ್ದವರು ಮೂರೋ ಐದೋ ದಿನ ಕೊಡ್ತಾರೆ. ಅಜ್ಜಂಪುರಕ್ಕೆ ಹೋದ ಹುಡುಗ ಮೂರನೇ ದಿನಕ್ಕೆ ಲಾಗಿನ್ ಆಗಬೇಕು, ಹನ್ನೊಂದನೇ ದಿನಕ್ಕೆ ಮತ್ತೆ ಊರಿಗೆ ಓಡಬೇಕು. ಹಾಗಾಗಿ ಟೀಮ್ ಲೀಡ್ ಬರೆಯೋ ಮೇಲ್‌ನಲ್ಲಿ ಸಹಾನುಭೂತಿಯ ವಿಶೇಷಣಗಳಿಗಿಂತ ಒಂದು ತಾರೀಕು ಇದ್ದರೆ ಹೆಚ್ಚು ಉಪಕಾರ: "22ರವರೆಗೆ ನಿನ್ನ ಟಿಕೆಟ್‌ಗಳನ್ನು ನಾವಿಬ್ಬರು ಹಂಚಿಕೊಂಡಿದ್ದೀವಿ, ಸ್ಟ್ಯಾಂಡಪ್‌ಗೆ ಬರಬೇಡ." ಹಂಚಿಕೊಂಡ ಮೇಲೆ ಬರೀಬೇಕು. ಹಂಚೋಕೆ ಮುಂಚೆ ಬರೆದು, ಆಮೇಲೆ "ಒಂದೇ ಒಂದು ಡೌಟು" ಅಂತ ಫೋನ್ ಮಾಡೋರೇ ಜಾಸ್ತಿ.

ಹನ್ನೊಂದಕ್ಕೆ ಮುಗಿಯಲ್ಲ ಅನ್ನೋದು ಅನುಭವಿಸಿದವರಿಗೆ ಗೊತ್ತು. ಮರಣ ನೋಂದಣಿ 21 ದಿನದೊಳಗೆ ಆಗಬೇಕು. ಮರಣ ಪತ್ರ ಕೈಗೆ ಬಂದ ಮೇಲೆ ಬ್ಯಾಂಕು, ಪಿಂಚಣಿ. ಜಮೀನಿದ್ದರೆ ಪಹಣಿಯಲ್ಲಿ ಅಪ್ಪನ ಹೆಸರು ತೆಗೆಸೋ ಪೌತಿ ಖಾತೆ, ಅದಕ್ಕೆ ವಂಶವೃಕ್ಷ, ವಾರಸುದಾರರೆಲ್ಲರ ಒಪ್ಪಿಗೆ. ಅಜ್ಜಂಪುರ ಈಗ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾಗಿದೆ, ಆ ಮಟ್ಟಿಗೆ ಓಡಾಟ ಕಮ್ಮಿ. ಆದರೆ ಬೆಂಗಳೂರಿನಿಂದ ಅಷ್ಟೇ ದೂರ, ಕಚೇರಿ ತೆರೆಯೋದೂ ಕೆಲಸದ ದಿನಗಳಲ್ಲೇ. ಎರಡನೇ ಮೇಲ್ ಬೇಕಾಗೋದು ಆಗ, ಎಲ್ಲರೂ ಮರೆತ ಒಂದು ತಿಂಗಳ ಮೇಲೆ: "ಊರಿನ ಕೆಲಸಕ್ಕೆ ಯಾವ ದಿನ ಹೋಗ್ತೀಯ ಹೇಳು, ಅವತ್ತಿನ ರಿಲೀಸ್ ನಾನು ನೋಡ್ತೀನಿ." ಇದನ್ನು ಬರೆದವರನ್ನು ನಾನು ಕಂಡಿದ್ದು ಕಮ್ಮಿ. ನಾಡಕಚೇರಿಗೆ ಹೋಗಬೇಕು ಅಂತ ಅರ್ಧ ದಿನ ರಜೆ ಕೇಳಿದ ಹುಡುಗನಿಗೆ "ಅದಿನ್ನೂ ಮುಗಿದಿಲ್ವೇನಪ್ಪಾ?" ಅಂದ ಮ್ಯಾನೇಜರ್ ಒಬ್ಬರನ್ನು ಮಾತ್ರ ಚೆನ್ನಾಗಿ ಬಲ್ಲೆ. ಮೊದಲ ದಿನ ಇಡೀ ಗ್ರೂಪಿಗೆ ಕಾಪಿ ಹಾಕಿ, "ಏನೇ ಬೇಕಿದ್ದರೂ ತಿಳಿಸಿ" ಅಂತ ಬರೆದಿದ್ದವರೂ ಅವರೇ.