ಫೈಲ್ ಕುಗ್ಗಿಸಿದರೆ ಅದರೊಳಗಿನ ಅಂಕಿ ಅಳಿಸಿಹೋಗುತ್ತದೆಯೇ?

ಪಹಣಿಯನ್ನು ಸ್ಕ್ಯಾನ್ ಮಾಡಿ ಆ ಫೈಲನ್ನು ಕುಗ್ಗಿಸಿದರೆ ಸರ್ವೆ ನಂಬರಿನ ಅಂಕಿ ಕೆಟ್ಟುಹೋಗಬಹುದೆಂಬ ಅಂಜಿಕೆ ಹಲವರಿಗಿದೆ. ಜೆಪೆಗ್ ವಿಧಾನದಲ್ಲಿ ಚಿತ್ರದ ಸೂಕ್ಷ್ಮ ವಿವರಗಳು ನಿಜಕ್ಕೂ ಕಳೆದುಹೋಗುತ್ತವೆ. ಆದರೆ ಏನನ್ನೂ ಕಳೆಯದೆ ಕುಗ್ಗಿಸುವ ವಿಧಾನಗಳೂ ಇವೆ. ಅವುಗಳಲ್ಲಿ ತೀರಾ ಸರಳವಾದದ್ದು ರನ್-ಲೆಂಗ್ತ್ ಎನ್‌ಕೋಡಿಂಗ್.

ಒಂದೇ ಅಕ್ಷರ ಸಾಲಾಗಿ ಬಂದರೆ ಅದನ್ನು ಒಮ್ಮೆ ಬರೆದು, ಪಕ್ಕದಲ್ಲಿ ಎಷ್ಟು ಸಲ ಎಂದು ಬರೆಯುವುದೇ ಇದರ ನಿಯಮ. `aaabcc` ಎಂಬುದು `a3b1c2` ಆಗುತ್ತದೆ. ಬಿಡಿಸುವಾಗ ಅಕ್ಷರವನ್ನು ಓದಿ, ಮುಂದಿನ ಅಕ್ಷರ ಸಿಗುವವರೆಗಿನ ಅಂಕಿಗಳನ್ನೆಲ್ಲ ಒಂದೇ ಸಂಖ್ಯೆಯಾಗಿ ಓದಬೇಕು. ಹಾಗಾಗಿ `a12` ಎಂದರೆ ಹನ್ನೆರಡು `a`. ಮೂಲದಲ್ಲೇ ಅಂಕಿಗಳಿದ್ದರೆ ಯಾವುದು ಎಣಿಕೆ, ಯಾವುದು ಮಾಹಿತಿ ಎಂಬ ಗೊಂದಲವಾಗುತ್ತದೆ. ಆಗ ಎಣಿಕೆಗೆ ಇಂತಿಷ್ಟೇ ಜಾಗವೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮೇಲಿನ ಉದಾಹರಣೆಯಲ್ಲಿ ಆರು ಅಕ್ಷರ ಆರಾಗಿಯೇ ಉಳಿಯಿತು, ಉಳಿತಾಯವೇನೂ ಆಗಲಿಲ್ಲ. ‘ನಂಜನಗೂಡು’ ಎಂಬ ಹೆಸರಿನ ಪಾಡು ಇನ್ನೂ ಕಷ್ಟ. ಕಂಪ್ಯೂಟರಿಗೆ ಅದು ನ, ಸೊನ್ನೆ, ಜ, ನ, ಗ, ಊಕಾರ, ಡ, ಉಕಾರ ಎಂಬ ಎಂಟು ಚಿಹ್ನೆಗಳು. ಒಂದೂ ಪಕ್ಕಪಕ್ಕದಲ್ಲಿ ಮರುಕಳಿಸದ ಕಾರಣ ಪ್ರತಿಯೊಂದಕ್ಕೂ 1 ಸೇರಿ ಹದಿನಾರಾಗುತ್ತದೆ. ‘ಅಕ್ಕ’ದ ಒತ್ತಕ್ಷರವೂ ನೆರವಾಗದು, ಎರಡು ಕಗಳ ನಡುವೆ ಕಣ್ಣಿಗೆ ಕಾಣದ ವಿರಾಮ ಚಿಹ್ನೆ ಕುಳಿತಿರುತ್ತದೆ.

ಹಾಗಾದರೆ ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ? ಖಾಲಿ ಜಾಗ ಹೆಚ್ಚಿರುವ ಕಪ್ಪು-ಬಿಳುಪು ಚಿತ್ರಗಳಲ್ಲಿ. ಫ್ಯಾಕ್ಸ್ ಯಂತ್ರ ಎ4 ಹಾಳೆಯ ಪ್ರತಿ ಗೆರೆಯನ್ನು 1728 ಚುಕ್ಕೆಗಳಾಗಿ ಓದುತ್ತದೆ. ತಿ. ನರಸೀಪುರದ ಒಂದು ಪಹಣಿಯನ್ನು ಹೀಗೆ ಓದಿಸಿದೆವು ಎಂದುಕೊಳ್ಳೋಣ. ಕೋಷ್ಟಕದ ಎರಡು ಗೀಟುಗಳನ್ನು ಹಾಯುವ ಒಂದು ಗೆರೆ ಹೀಗಿರಬಹುದು: 200 ಬಿಳಿ, 4 ಕಪ್ಪು, 1500 ಬಿಳಿ, 4 ಕಪ್ಪು, 20 ಬಿಳಿ. 1728 ಚುಕ್ಕೆಗಳ ಬದಲು ಐದು ಸಂಖ್ಯೆ ಸಾಕು. ಬಣ್ಣವನ್ನೂ ಬರೆಯಬೇಕಿಲ್ಲ. ಮೊದಲು ಬಿಳಿ, ಆಮೇಲೆ ಒಂದಾದ ಮೇಲೊಂದು ಎಂಬುದು ನಿಯಮ. ಗೆರೆ ಕಪ್ಪಿನಿಂದ ಶುರುವಾದರೆ ಮೊದಲಿಗೆ 0 ಬರೆದರಾಯಿತು.

ಗಾಜಿನ ಮೇಲೆ ಧೂಳಿದ್ದರೆ ಆ 1500ರ ನಡುವೆ ಒಂದು ಕಪ್ಪು ಚುಕ್ಕೆ ಬಿದ್ದು ಐದು ಸಂಖ್ಯೆಗಳು ಏಳಾಗುತ್ತವೆ. ಫೈಲ್ ದೊಡ್ಡದಾಗುತ್ತದೆ, ಆದರೆ ಚುಕ್ಕೆ ಇದ್ದಲ್ಲೇ ಇರುತ್ತದೆ. ಬಿಡಿಸಿದಾಗ ಮೊತ್ತ 1728 ಬರದಿದ್ದರೆ ಎಲ್ಲೋ ತಪ್ಪಾಗಿದೆ ಎಂದು ತಿಳಿಯಬಹುದು. 200 ಮತ್ತು 1500 ಅದಲುಬದಲಾದರೆ ಮೊತ್ತ ಸರಿಯಾಗಿಯೇ ಬರುತ್ತದೆ, ಆದ್ದರಿಂದ ಮೂಲದೊಂದಿಗೆ ಚುಕ್ಕೆಗೆ ಚುಕ್ಕೆ ಹೋಲಿಸುವುದೇ ಪೂರ್ಣ ಪರೀಕ್ಷೆ.

ಈ ವಿಧಾನ ಸರ್ವೆ ನಂಬರಿನ ಒಂದು ಚುಕ್ಕೆಯನ್ನೂ ಕಳೆಯುವುದಿಲ್ಲ. ಹಾಗೆಯೇ ಸ್ಕ್ಯಾನ್ ಮಾಡುವಾಗಲೇ ಮಸುಕಾದ ಅಂಕಿಯನ್ನು ಸರಿಪಡಿಸುವುದೂ ಇಲ್ಲ.