ಅಧೋಲೋಕಯಾತ್ರೆಯ ಹಂತಗಳು ಮತ್ತು ಶತಮತಿಯ ನರಕ

ಪ್ರಾಚೀನ ಪುರಾಣಕಥೆಗಳಲ್ಲಿ ವೀರನು ಅಧೋಲೋಕಕ್ಕಿಳಿದು ಮರಳಿ ಬರುವ ಪ್ರಸಂಗವನ್ನು ಸಾಮಾನ್ಯವಾಗಿ ಐದು ಹಂತಗಳಲ್ಲಿ ವಿಂಗಡಿಸಬಹುದು. ಮೊದಲನೆಯದು ಇಳಿಯಲು ಕಾರಣವಾದ ನಷ್ಟ ಅಥವಾ ಬಯಕೆ. ಎರಡನೆಯದು ದಾರಿಯನ್ನು ಬಲ್ಲವರಿಂದ ಪಡೆಯುವ ತಿಳಿವು. ಮೂರನೆಯದು ದ್ವಾರವನ್ನು ದಾಟುವಾಗ ತೆರಬೇಕಾದ ಬೆಲೆ. ನಾಲ್ಕನೆಯದು ಮೃತರ ಭೇಟಿ. ಕೊನೆಯದು ಒಂದು ಷರತ್ತಿಗೆ ಕಟ್ಟುಬಿದ್ದ ಹಿಂದಿರುಗುವಿಕೆ. ತೌಲನಿಕ ಅಧ್ಯಯನ ಮಾಡುವವರಿಗೆ ಈ ಚೌಕಟ್ಟು ಉಪಯುಕ್ತವೇ ಸರಿ. ಆದರೆ ಕಥೆಯೊಂದು ಈ ಹಂತಗಳಲ್ಲಿ ಎಷ್ಟನ್ನು ಪಾಲಿಸುತ್ತದೆ ಎಂದು ಎಣಿಸುವುದಕ್ಕಿಂತ, ಯಾವ ಹಂತವನ್ನು ಕೈಬಿಡುತ್ತದೆ ಮತ್ತು ಏಕೆ ಕೈಬಿಡುತ್ತದೆ ಎಂದು ಕೇಳುವುದು ಹೆಚ್ಚು ಫಲಕಾರಿ. ಕನ್ನಡ ನಾಡಿನಲ್ಲೇ ರಚಿತವಾದ ಜಿನಸೇನಾಚಾರ್ಯರ ಆದಿಪುರಾಣದ ಒಂದು ಪ್ರಸಂಗ ಇದಕ್ಕೆ ಉತ್ತಮ ನಿದರ್ಶನ.

ಈ ಐದೂ ಹಂತಗಳು ಸ್ಪಷ್ಟವಾಗಿ ಕಾಣುವುದು ಸುಮೇರಿಯಾದ ಇನಾನ್ನಾ ದೇವಿಯ ಕಥೆಯಲ್ಲಿ. ಅಕ್ಕ ಎರೆಶ್ಕಿಗಲ್ ಆಳುವ ಮೃತ್ಯುಲೋಕಕ್ಕೆ ಇನಾನ್ನಾ ಹೊರಡುತ್ತಾಳೆ. ತಾನು ಮರಳದಿದ್ದರೆ ಏನು ಮಾಡಬೇಕೆಂಬುದನ್ನು ಸೇವಕಿ ನಿನ್‌ಶುಬುರಳಿಗೆ ಮೊದಲೇ ಹೇಳಿರುತ್ತಾಳೆ. ಅಲ್ಲಿ ಏಳು ಬಾಗಿಲುಗಳಿವೆ. ಒಂದೊಂದು ಬಾಗಿಲಲ್ಲೂ ಒಂದೊಂದು ಆಭರಣ ಅಥವಾ ಉಡುಪನ್ನು ಕಳಚಿಕೊಡಬೇಕು. ಏಳನೆಯದನ್ನು ದಾಟುವಾಗ ಅವಳ ದೈವತ್ವದ ಕುರುಹುಗಳೊಂದೂ ಉಳಿದಿರುವುದಿಲ್ಲ. ಅವಳು ಸತ್ತು ಹೆಣವಾಗುತ್ತಾಳೆ, ಬಳಿಕ ಎನ್ಕಿ ದೇವನ ಉಪಾಯದಿಂದ ಬದುಕುತ್ತಾಳೆ. ಆದರೆ ಆ ಲೋಕದಿಂದ ಯಾರೂ ಬರಿದೆ ಹೊರಬರುವಂತಿಲ್ಲ. ತನ್ನ ಬದಲಿಗೆ ಇನ್ನೊಬ್ಬರನ್ನು ಒಪ್ಪಿಸಬೇಕು. ಕೊನೆಗೆ ಪತಿ ಡುಮುಜಿಯೇ ಆ ಬದಲಿಯಾಗುತ್ತಾನೆ. ಇಲ್ಲಿ ಮೃತ್ಯುಲೋಕದ ನಿಯಮ ಮುರಿಯುವುದಿಲ್ಲ, ಆದರೆ ವಿನಿಮಯಕ್ಕೆ ಒಪ್ಪುತ್ತದೆ. ಒಂದು ಜೀವದ ಲೆಕ್ಕವನ್ನು ಇನ್ನೊಂದು ಜೀವದಿಂದ ಸರಿದೂಗಿಸಬಹುದೆಂಬುದು ಈ ಕಥೆಯ ಆಧಾರಭೂತವಾದ ನಂಬಿಕೆ.

ಇದೇ ಚೌಕಟ್ಟನ್ನು ಹಿಡಿದು ಆದಿಪುರಾಣಕ್ಕೆ ಬರಬಹುದು. ರಾಷ್ಟ್ರಕೂಟ ಅಮೋಘವರ್ಷನ ಗೌರವಕ್ಕೆ ಪಾತ್ರರಾಗಿದ್ದ ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಈ ಕೃತಿಯೇ ಕ್ರಿ.ಶ. 941ರಲ್ಲಿ ಪಂಪನು ಬರೆದ ಕನ್ನಡ ಆದಿಪುರಾಣಕ್ಕೆ ಮೂಲ. ವೃಷಭನಾಥನ ಹಿಂದಿನ ಭವಗಳಲ್ಲಿ ಒಂದು ಅಲಕಾಪುರದ ವಿದ್ಯಾಧರ ಚಕ್ರವರ್ತಿ ಮಹಾಬಲನದು. ಅವನಿಗೆ ನಾಲ್ವರು ಮಂತ್ರಿಗಳು. ಮಹಾಮತಿಯದು ಭೂತವಾದ, ಸಂಭಿನ್ನಮತಿಯದು ವಿಜ್ಞಾನವಾದ, ಶತಮತಿಯದು ಶೂನ್ಯವಾದ. ನಾಲ್ಕನೆಯವನಾದ ಸ್ವಯಂಬುದ್ಧನು ಈ ಮೂವರನ್ನೂ ವಾದದಲ್ಲಿ ಖಂಡಿಸಿ ರಾಜನನ್ನು ಧರ್ಮಕ್ಕೆ ತಿರುಗಿಸಿದವನು.

ಹಲವು ಭವಗಳ ಬಳಿಕ ಮಹಾಬಲನ ಜೀವವು ಶ್ರೀಧರನೆಂಬ ದೇವನಾಗಿ ಐಶಾನಕಲ್ಪದಲ್ಲಿ ಹುಟ್ಟುತ್ತದೆ. ಸ್ವಯಂಬುದ್ಧನ ಜೀವವಾದರೋ ಪ್ರೀತಿಂಕರನೆಂಬ ಹೆಸರಿನಲ್ಲಿ ಕೇವಲಜ್ಞಾನವನ್ನು ಪಡೆದಿದೆ. ಶ್ರೀಧರನು ಅವರ ಬಳಿಗೆ ಬಂದು, ತನ್ನ ಉಳಿದ ಮೂವರು ಮಂತ್ರಿಗಳು ಈಗ ಎಲ್ಲಿರುವರೆಂದು ಕೇಳುತ್ತಾನೆ. ಇಬ್ಬರು ನಿಗೋದದಲ್ಲಿದ್ದಾರೆ, ಶತಮತಿ ಎರಡನೆಯ ನರಕದಲ್ಲಿದ್ದಾನೆ ಎಂಬ ಉತ್ತರ ದೊರೆಯುತ್ತದೆ. ನಿಗೋದದಲ್ಲಿರುವುದು ಅತ್ಯಲ್ಪ ಚೈತನ್ಯದ ಏಕೇಂದ್ರಿಯ ಜೀವ. ಅದಕ್ಕೆ ಉಪದೇಶವನ್ನು ಕೇಳುವ ಸಾಧನವೇ ಇಲ್ಲ. ನರಕದಲ್ಲಿರುವವನಿಗೆ ನೋವಿದೆ, ಜೊತೆಗೆ ಮನಸ್ಸೂ ಇದೆ. ಆದ್ದರಿಂದ ಶ್ರೀಧರನು ಇಳಿಯುವುದು ಶತಮತಿಯೊಬ್ಬನಿಗಾಗಿ.

ಇಲ್ಲಿಯವರೆಗೆ ಮೊದಲ ಎರಡು ಹಂತಗಳು ಚೌಕಟ್ಟಿಗೆ ಹೊಂದುತ್ತವೆ. ಹಳೆಯ ಸಂಬಂಧವೊಂದರ ನೆನಪಿದೆ, ದಾರಿ ಬಲ್ಲವನ ಮಾತಿದೆ. ಮೂರನೆಯ ಹಂತ ಮಾತ್ರ ಇಲ್ಲವೇ ಇಲ್ಲ. ಶ್ರೀಧರನನ್ನು ತಡೆಯುವ ದ್ವಾರಪಾಲಕನಿಲ್ಲ, ಅವನು ಕಳಚಿಕೊಡುವ ಆಭರಣವಿಲ್ಲ. ಜೈನ ಲೋಕವಿಚಾರದಲ್ಲಿ ನರಕಕ್ಕೆ ಒಡೆಯನೇ ಇಲ್ಲದಿರುವುದು ಇದಕ್ಕೆ ಕಾರಣ. ಒಡೆಯನಿಲ್ಲದ ಕಡೆ ಬೇಡಿಕೊಳ್ಳುವುದು ಯಾರನ್ನು, ಒಪ್ಪಂದ ಮಾಡಿಕೊಳ್ಳುವುದು ಯಾರೊಡನೆ? ಅಲ್ಲಿ ಜೀವವನ್ನು ಹಿಡಿದಿಟ್ಟಿರುವುದು ಅದರದೇ ಕರ್ಮ.

ನಾಲ್ಕನೆಯ ಹಂತದಲ್ಲಿ ಶ್ರೀಧರನು ಶತಮತಿಯನ್ನು ಕಂಡು, ಮಹಾಬಲನ ನೆನಪು ತಂದು, ಅಂದಿನ ದುರ್ನಯವೇ ಇಂದಿನ ದುಃಖಕ್ಕೆ ಕಾರಣವೆಂದು ತಿಳಿಸುತ್ತಾನೆ. ಶತಮತಿ ಅಲ್ಲಿಯೇ ಸಮ್ಯಗ್ದರ್ಶನವನ್ನು ಪಡೆಯುತ್ತಾನೆ. ಬೇರೆ ಪುರಾಣಗಳಲ್ಲಾದರೆ ಮುಂದಿನ ದೃಶ್ಯ ಅವನ ಬಿಡುಗಡೆಯದಾಗಿರುತ್ತಿತ್ತು. ಇಲ್ಲಿ ಶ್ರೀಧರನು ಒಬ್ಬನೇ ಮರಳುತ್ತಾನೆ. ನಾರಕರ ಆಯುಷ್ಯವು ನಡುವೆ ಕಡಿಮೆಯಾಗದೆಂಬುದು ತತ್ತ್ವಾರ್ಥಸೂತ್ರದ ಸಿದ್ಧಾಂತ. ಸಮ್ಯಕ್ತ್ವ ದೊರೆತ ಮೇಲೂ ಶತಮತಿ ತನ್ನ ಆಯುಷ್ಯವನ್ನು ಅಲ್ಲಿಯೇ ಮುಗಿಸಬೇಕು.

ರವಿಷೇಣಾಚಾರ್ಯರ ಪದ್ಮಪುರಾಣವು ಇದನ್ನೇ ಇನ್ನಷ್ಟು ಕಠೋರವಾಗಿ ತೋರಿಸುತ್ತದೆ. ಅಚ್ಯುತಸ್ವರ್ಗದಲ್ಲಿ ಪ್ರತೀಂದ್ರನಾಗಿ ಹುಟ್ಟಿದ ಸೀತೆಯ ಜೀವವು ವಾಲುಕಾಪ್ರಭೆಯೆಂಬ ಮೂರನೆಯ ನರಕಕ್ಕಿಳಿದು ಲಕ್ಷ್ಮಣ ರಾವಣರನ್ನು ಮೇಲೆತ್ತಲು ಯತ್ನಿಸುತ್ತದೆ. ಅವರ ದೇಹಗಳು ಕಾವಿಗೆ ಸಿಕ್ಕ ಬೆಣ್ಣೆಯಂತೆ ಕರಗಿ ಕೈಗೆ ಸಿಗುವುದಿಲ್ಲ. ಕೊನೆಗೆ ಕೊಡಲು ಸಾಧ್ಯವಾಗುವುದು ಉಪದೇಶವೊಂದನ್ನೇ. ಎರಡೂ ಕಥೆಗಳ ಇಳಿತ ಮೂರನೆಯ ನರಕದೊಳಗೇ ನಿಲ್ಲುತ್ತದೆಂಬುದೂ ಗಮನಾರ್ಹ. ಮೊದಲ ಮೂರು ನರಕಗಳಲ್ಲಿ ಜಾತಿಸ್ಮರಣೆ, ವೇದನೆಯ ಅನುಭವಗಳ ಜೊತೆಗೆ ಧರ್ಮಶ್ರವಣವೂ ಸಮ್ಯಕ್ತ್ವಕ್ಕೆ ಕಾರಣವಾಗಬಲ್ಲದು. ನಾಲ್ಕನೆಯದರಿಂದ ಕೆಳಗೆ ಶ್ರವಣಕ್ಕೆ ಎಡೆಯಿಲ್ಲ ಎಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ಹೇಳುತ್ತದೆ. ಕಥೆಯು ಶಾಸ್ತ್ರದ ಈ ಎಲ್ಲೆಯನ್ನು ಮೀರುವುದಿಲ್ಲ.

ಹಾಗಾದರೆ ಐದನೆಯ ಹಂತವೆಲ್ಲಿ? ಆದಿಪುರಾಣದಲ್ಲಿ ಅದು ಇಳಿದವನದಲ್ಲ, ಕೆಳಗಿದ್ದವನದು. ಆಯುಷ್ಯ ತೀರಿದ ಶತಮತಿಯು ಪುಷ್ಕರದ್ವೀಪದ ರತ್ನಸಂಚಯಪುರದಲ್ಲಿ ಮಹೀಧರ ಚಕ್ರವರ್ತಿಯ ಮಗ ಜಯಸೇನನಾಗಿ ಹುಟ್ಟುತ್ತಾನೆ. ಅವನ ಮದುವೆ ನಡೆಯುತ್ತಿರುವಾಗ ಶ್ರೀಧರದೇವನು ಮತ್ತೆ ಬಂದು ನರಕದ ದುಃಖವನ್ನು ನೆನಪಿಸುತ್ತಾನೆ. ಜಯಸೇನನು ವಿವಾಹದ ಹೊತ್ತಿನಲ್ಲೇ ವಿರಕ್ತನಾಗಿ ದೀಕ್ಷೆ ಪಡೆಯುತ್ತಾನೆ. ನರಕದಿಂದ ಹೊರಬಂದದ್ದು ಕರ್ಮದ ಲೆಕ್ಕದಿಂದ. ನಿಜವಾದ ಮರಳುವಿಕೆ ನಡೆದದ್ದು ಆ ನೆನಪಿನಿಂದ. ಇನಾನ್ನಾಳ ಹಿಂದಿರುಗುವಿಕೆಗೆ ಬದಲಿ ವ್ಯಕ್ತಿ ಬೇಕಾಯಿತು, ಜಯಸೇನನದಕ್ಕೆ ಸ್ಮರಣೆ ಸಾಕಾಯಿತು.

ಶ್ರೀಧರನಿಗೆ ಅಪಾಯವಿಲ್ಲದ್ದರಿಂದ ಇದು ವೀರನ ಯಾತ್ರೆಯೇ ಅಲ್ಲ ಎಂಬ ಆಕ್ಷೇಪಕ್ಕೆ ಅವಕಾಶವಿದೆ. ವೀರನೆಂದರೆ ಇಳಿದವನೇ ಎಂದು ಮೊದಲೇ ನಿರ್ಧರಿಸಿಕೊಂಡರೆ ಮಾತ್ರ ಆ ಆಕ್ಷೇಪ ನಿಲ್ಲುತ್ತದೆ. ದುಃಖವನ್ನು ಪೂರ್ತಿಯಾಗಿ ಅನುಭವಿಸಿ, ಅದರ ನಡುವೆ ದೃಷ್ಟಿಯನ್ನು ಬದಲಿಸಿಕೊಂಡು, ಮೇಲೆ ಬಂದವನು ಶತಮತಿ. ಹಂತಗಳ ಪಟ್ಟಿಯನ್ನು ಅವನ ಕಡೆಯಿಂದ ಓದಿದರೆ ಕಥೆಯು ಅಪೂರ್ಣವೆನಿಸುವುದಿಲ್ಲ. ಪಟ್ಟಿಗೆ ಹೊಂದದ ಭಾಗಗಳನ್ನು ಕಥೆಯ ಕೊರತೆಯೆಂದು ಬಗೆಯುವ ಸಂಶೋಧಕನು ಶ್ರೀಧರನನ್ನಷ್ಟೇ ಕಂಡು ಶತಮತಿಯನ್ನು ನರಕದಲ್ಲಿಯೇ ಬಿಟ್ಟುಬರುತ್ತಾನೆ.